ಪಟ್ಟಿಯ ಫೋಟೊದಿಂದ ವಾರ್ಷಿಕೋತ್ಸವದ ನಿರೂಪಣೆ ಬರೆಯುವುದು ಹೇಗೆ?

ಶಾಲಾ ವಾರ್ಷಿಕೋತ್ಸವದ ನಿರೂಪಣೆ ಒಪ್ಪಿಕೊಂಡವರಿಗೆ ಸಾಮಾನ್ಯವಾಗಿ ಮೊದಲು ಬರುವುದು ಕಾರ್ಯಕ್ರಮ ಪಟ್ಟಿಯ ಒಂದು ಫೋಟೊ. ವೇದಿಕೆಯ ಮೇಲೆ ಏನೇನು ನಡೆಯುತ್ತದೆ ಎಂಬುದು ಅದರಲ್ಲಿರುತ್ತದೆ. ಒಂದು ಮುಗಿದು ಇನ್ನೊಂದು ಶುರುವಾಗುವವರೆಗಿನ ಹೊತ್ತಿನ ಸುದ್ದಿ ಇರುವುದಿಲ್ಲ. ನಿರೂಪಕರು ಮುಖ್ಯವಾಗಿ ಬೇಕಾಗುವುದೇ ಆ ಹೊತ್ತಿಗೆ.

ಮೊದಲು ಫೋಟೊವನ್ನು ದೊಡ್ಡದು ಮಾಡಿ ನೋಡುತ್ತ ಇಡೀ ಪಟ್ಟಿಯನ್ನು ಕೈಯಾರೆ ಬರೆದುಕೊಳ್ಳಿ. ಕ್ರಮಸಂಖ್ಯೆಯ ಮೇಲೆ ಕಣ್ಣಿರಲಿ. 5ರ ನಂತರ 7 ಬಂದರೆ ಒಂದು ಸಾಲು ಮಡಿಕೆಯಲ್ಲೋ ನೆರಳಲ್ಲೋ ಅಡಗಿದೆ ಎಂದರ್ಥ. ಪೆನ್ನಿನಿಂದ ಹೊಡೆದುಹಾಕಿದ ಸಾಲು, ಬಾಣದ ಗುರುತು ಕಂಡರೆ ಅದೇ ಕೊನೆಯ ಪಟ್ಟಿಯೇ ಎಂದು ಕೇಳಿ. ಮಸುಕಾದ ಹೆಸರನ್ನು ಊಹಿಸಲೇಬೇಡಿ. ಸುತ್ತು ಹಾಕಿಟ್ಟು, ಪಟ್ಟಿ ಮಾಡಿದ ಶಿಕ್ಷಕರಿಗೆ ಫೋನ್ ಮಾಡಿ ಹೆಸರು, ಇನಿಷಿಯಲ್, ಹುದ್ದೆ ಮೂರನ್ನೂ ಹೇಳಿಸಿಕೊಳ್ಳಿ. ಅತಿಥಿಯ ಹೆಸರು ಮೈಕಿನಲ್ಲಿ ತಪ್ಪಾದರೆ ಎಷ್ಟು ಕ್ಷಮೆ ಕೇಳಿದರೂ ಅದು ಅವರ ಮನಸ್ಸಿನಲ್ಲಿ ಉಳಿಯುತ್ತದೆ.

ಇನ್ನು ಪ್ರತಿ ಸಾಲಿನ ಮುಂದೆಯೂ ವೇದಿಕೆ ಸಿದ್ಧವಾಗಲು ಬೇಕಾದ ಹೊತ್ತನ್ನು ಬರೆಯಿರಿ. ಪಟ್ಟಿಯಲ್ಲಿ ಹೀಗಿದೆ ಎಂದುಕೊಳ್ಳೋಣ: 7. ಒಂದನೇ ತರಗತಿಯ ನೃತ್ಯ, 8. ವರದಿ ವಾಚನ, 9. ಏಳನೇ ತರಗತಿಯ ಕಿರುನಾಟಕ. ವರದಿಗೆ ಬೇಕಾದದ್ದು ಒಂದು ಮೈಕ್ ಮಾತ್ರ. ಆದರೂ ಪುಟಾಣಿಗಳನ್ನು ಸಾಲಾಗಿ ಇಳಿಸಲು ಅರ್ಧ ನಿಮಿಷ ಹಿಡಿಯುತ್ತದೆ. ಎರಡು ವಾಕ್ಯದ ಮೆಚ್ಚುಗೆ ಸಾಕು. ನಾಟಕಕ್ಕೆ ಬೆಂಚು, ಬಾಗಿಲಿನ ಚೌಕಟ್ಟು, ಹೆಚ್ಚುವರಿ ಮೈಕು ಬರಬೇಕು, ಎರಡು ನಿಮಿಷವಾದರೂ ಬೇಕು. ವೇದಿಕೆಗೆ ಪರದೆ ಇದ್ದರೆ ವರದಿಯನ್ನು ಅದರ ಮುಂದೆ ಓದಿಸಿ, ಹಿಂದೆ ಎಲ್ಲವನ್ನೂ ಜೋಡಿಸಬಹುದು. ಪರದೆ ಇಲ್ಲದಿದ್ದರೆ ಆ ಎರಡು ನಿಮಿಷ ನಿಮ್ಮದು.

ಆ ಮಾತನ್ನು ಎರಡು ತುಂಡಾಗಿ ಬರೆಯಿರಿ. ಮೊದಲನೆಯದು ತುಂಬುವ ಮಾತು: 'ಈ ನಾಟಕದ ಸಂಭಾಷಣೆಯನ್ನು ಮಕ್ಕಳೇ ಕೂಡಿ ಬರೆದಿದ್ದಾರೆ. ಮುಖವಾಡಗಳನ್ನೂ ಅವರೇ ಮಾಡಿದ್ದಾರೆ.' ಇಂಥ ವಿವರ ಫೋಟೊದಲ್ಲಿ ಸಿಗದು, ನಾಟಕ ಕಲಿಸಿದ ಶಿಕ್ಷಕರನ್ನೇ ಕೇಳಿ ಬರೆದುಕೊಳ್ಳಬೇಕು. ಕಥೆಯ ಕೊನೆಯನ್ನು ಮಾತ್ರ ಬಿಟ್ಟುಕೊಡಬೇಡಿ. ಎರಡನೆಯದು ಕರೆಯುವ ಮಾತು: 'ಇದೀಗ ನಿಮ್ಮ ಮುಂದೆ, ಏಳನೇ ತರಗತಿಯ ಮಕ್ಕಳಿಂದ ಕಿರುನಾಟಕ.' ಇದನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ವೇದಿಕೆಯ ಬದಿಯಿಂದ ಸನ್ನೆ ಬರುವವರೆಗೆ ಆಡಬೇಡಿ. ಮುಂಚೆಯೇ ಕರೆದುಬಿಟ್ಟರೆ ಚಪ್ಪಾಳೆ ಬಿದ್ದು ನಿಲ್ಲುತ್ತದೆ, ಮಕ್ಕಳು ಇನ್ನೂ ಬೆಂಚು ಹೊರುತ್ತಿರುತ್ತಾರೆ.

ಬರೆದದ್ದನ್ನು ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ. ಮನಸ್ಸಿನಲ್ಲಿ ಓದಿದರೆ ಹೊತ್ತಿನ ಲೆಕ್ಕ ತಪ್ಪುತ್ತದೆ. ಬಳಿಕ ಒಟ್ಟು ಕೂಡಿ: 20 ಕಾರ್ಯಕ್ರಮಗಳ ನಡುವೆ ಸರಾಸರಿ ಒಂದು ನಿಮಿಷ ಎಂದರೂ ಸುಮಾರು 20 ನಿಮಿಷ. ಪಟ್ಟಿಯಲ್ಲಿ ಅದಕ್ಕೆ ಜಾಗ ಬಿಟ್ಟಿರದಿದ್ದರೆ ಶಿಕ್ಷಕರಿಗೆ ಹಿಂದಿನ ದಿನವೇ ತಿಳಿಸಿ.

ಒಂದು ಕಾರ್ಯಕ್ರಮಕ್ಕೆ ಒಂದೇ ಹಾಳೆ ಇರಲಿ, ದಪ್ಪ ಅಕ್ಷರದಲ್ಲಿ. 'ಎಂಟನೆಯ ಕಾರ್ಯಕ್ರಮ' ಎಂದೋ 'ನೃತ್ಯದ ಬಳಿಕ ಈಗ' ಎಂದೋ ಬರೆಯಬೇಡಿ. ಮುಖ್ಯ ಅತಿಥಿ ಬೇಗ ಹೊರಡಬೇಕಾಗಿ ಬಹುಮಾನ ವಿತರಣೆ ಮೊದಲಿಗೆ ಬಂದರೆ, ಆ ಹಾಳೆಯನ್ನು ಮೇಲಕ್ಕೆ ತಂದುಕೊಂಡು ಇದ್ದ ಹಾಗೆಯೇ ಓದಬಹುದು.