ಸ್ಲ್ಯಾಬ್ ಮೇಲಿನ ಬಿಸಿಲನ್ನು ಮೊಬೈಲ್ ಹೇಳುವುದಿಲ್ಲ

ರಾಯಚೂರು ಕಡೆಯ ಒಂದು ಕಟ್ಟಡದ ಸೈಟಿನಲ್ಲಿ ನಾನು ಇಂಜಿನಿಯರ್ ಆಗಿದ್ದೆ. ಏಪ್ರಿಲ್ ಕೊನೆಯ ವಾರ, ಮೂರನೇ ಅಂತಸ್ತಿನ ಸ್ಲ್ಯಾಬಿಗೆ ಕಂಬಿ ಕಟ್ಟುತ್ತಿದ್ದರು. ಮಧ್ಯಾಹ್ನ ಹನ್ನೆರಡೂವರೆಗೆ ಮೇಸ್ತ್ರಿ ಓಡಿ ಬಂದ. "ಸರ್, ಆ ಹೊಸ ಹುಡುಗ ಏನೇನೋ ಮಾತಾಡ್ಲಿಕತ್ಯಾನ್ರಿ, ಕರೆದ್ರ ತಿರುಗಿ ನೋಡವಲ್ಲ."

ಹೋಗಿ ನೋಡಿದರೆ ಅಂಗಿ ಬೆವರಿನಿಂದ ತೊಪ್ಪೆಯಾಗಿತ್ತು. ಬೆವರು ಬರುತ್ತಿದೆಯಲ್ಲ, ಹಾಗಾದರೆ ಲೂ, ಅಂದರೆ ಬಿಸಿಲಾಘಾತ ಹೊಡೆದಿಲ್ಲ, ಬರೀ ಸುಸ್ತು ಅಂದುಕೊಂಡೆ. ಅದೇ ನನ್ನ ಮೊದಲ ತಪ್ಪು. ಮೈ ಮುರಿದು ದುಡಿಯುವವರಿಗೆ ಲೂ ಹೊಡೆದಾಗಲೂ ಬೆವರು ಬರುತ್ತಲೇ ಇರಬಹುದು. ನೋಡಬೇಕಾದದ್ದು ಮಾತನ್ನು. ಹೆಸರು ಕೇಳಿದರೆ ಊರು ಹೇಳುತ್ತಿದ್ದ. ಹಣೆ ಮುಟ್ಟಿದರೆ ಕಾದ ಹೆಂಚು.

ಯಾರೋ ಬಾಯಿಗೆ ನೀರು ಹೊಯ್ದರು, ಕೆಮ್ಮಿ ಉಗುಳಿದ. ತಕ್ಷಣ ನಿಲ್ಲಿಸಿದೆ. ಎಚ್ಚರ ಸರಿ ಇಲ್ಲದವನಿಗೆ ಕುಡಿಸಿದರೆ ನೀರು ಶ್ವಾಸಕ್ಕೆ ಹೋಗುತ್ತೆ. 108ಕ್ಕೆ ಫೋನ್ ಮಾಡಿ, ಅವನನ್ನು ಕೆಳ ಅಂತಸ್ತಿನ ನೆರಳಿಗೆ ಇಳಿಸಿದೆವು. ಕ್ಯೂರಿಂಗ್ ಪೈಪು ಅಲ್ಲೇ ಇತ್ತು. ಆದರೆ ಬಿಸಿಲಿಗೆ ಬಿದ್ದಿದ್ದ ಪೈಪಿನಿಂದ ಮೊದಲು ಬಂದದ್ದು ಕುದಿನೀರು! ಅದನ್ನು ಹರಿಯಬಿಟ್ಟು, ತಣ್ಣಗಾದ ಮೇಲೆ ತಲೆಯಿಂದ ಕಾಲಿನವರೆಗೂ ಸುರಿದೆವು. ಕಂಬಕ್ಕೆ ಸುತ್ತುವ ಗೋಣಿತಾಟು ನೆನೆಸಿ ಹೊದಿಸಿ, ಪ್ಲೈವುಡ್ ಚೂರಿನಿಂದ ಗಾಳಿ ಹಾಕಿದೆವು. ಆಂಬುಲೆನ್ಸ್ ಬರಲು ಅರ್ಧ ಗಂಟೆಗೂ ಜಾಸ್ತಿ ಆಯಿತು, ಅಲ್ಲಿಯವರೆಗೂ ಬಿಡಲಿಲ್ಲ. ಇಷ್ಟು ತಣ್ಣಗೆ ಮಾಡಿದ ಮೇಲೂ ಆಸ್ಪತ್ರೆಯಲ್ಲಿ ಮೈ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಹುಡುಗ ಉಳಿದ.

ಅವನು ಯಾದಗಿರಿಯವನೇ. ಬಿಸಿಲು ಅವನಿಗೆ ಹೊಸದಲ್ಲ ಅಂತ ಎಲ್ಲರೂ ನಂಬಿದ್ದೆವು. ವಿಚಾರಿಸಿದರೆ ಆರು ತಿಂಗಳು ಬೆಂಗಳೂರಿನಲ್ಲಿ ಒಳಗಡೆ ಪೇಂಟಿಂಗ್ ಮಾಡಿ ಬಂದಿದ್ದ. ನಮ್ಮಲ್ಲಿ ಅದು ಮೂರನೇ ದಿನ. ಮೈಗೆ ಬಿಸಿಲಿನ ರೂಢಿ ಕೆಲವೇ ವಾರಗಳಲ್ಲಿ ಬಿಟ್ಟುಹೋಗುತ್ತದೆ, ಹುಟ್ಟೂರು ಯಾವುದಾದರೂ ಅಷ್ಟೇ. ಈಗ ಹೊಸಬರಿಗೂ ರಜೆ ಮುಗಿಸಿ ಬಂದವರಿಗೂ ಒಂದೇ ಲೆಕ್ಕ: ಮೊದಲ ದಿನ ಬಿಸಿಲಲ್ಲಿ ಐದರಲ್ಲಿ ಒಂದು ಪಾಲು ಕೆಲಸ, ದಿನಕ್ಕೊಂದು ಪಾಲು ಹೆಚ್ಚಳ. ಉಳಿದ ಹೊತ್ತು ಶೀಟಿನ ಕೆಳಗೆ ಕಂಬಿಯ ರಿಂಗ್ ಬಗ್ಗಿಸುವುದು.

ಅವತ್ತು ಮೊಬೈಲ್ 41 ತೋರಿಸುತ್ತಿತ್ತು. ಅದು ಎಲ್ಲೋ ದೂರದ, ನೆರಳಿನ ಗಾಳಿಯ ಲೆಕ್ಕ. ಸ್ಲ್ಯಾಬಿನಲ್ಲಿ ಮೇಲಿಂದ ಸೂರ್ಯ, ಕೆಳಗಿಂದ ಕಾದ ಕಂಬಿ. ಆಮೇಲೆ ಒಂದು ಡಬ್ಲ್ಯುಬಿಜಿಟಿ ಮೀಟರ್ ತರಿಸಿದೆವು. ಗಾಳಿಯ ಬಿಸಿ, ಬಿಸಿಲು, ಗಾಳಿಯ ಬೀಸು, ತೇವ ನಾಲ್ಕನ್ನೂ ಸೇರಿಸಿ ಒಂದೇ ಅಂಕಿ ಕೊಡುತ್ತದೆ. ಈ ಅಂಕಿ ಮಾಮೂಲಿ ಡಿಗ್ರಿಗಿಂತ ಸಣ್ಣದಾಗಿ ಕಾಣುತ್ತೆ, ಮೋಸ ಹೋಗಬಾರದು. ರೂಢಿಯಿರುವವರಿಗೂ ಸಾಧಾರಣ ಶ್ರಮದ ಕೆಲಸ ಬಿಡುವಿಲ್ಲದೆ ಮಾಡಲು 28ರ ಆಸುಪಾಸೇ ಮಿತಿ. ನಮ್ಮ ಸ್ಲ್ಯಾಬಿನಲ್ಲಿ ಬೆಳಗ್ಗೆ ಒಂಬತ್ತಕ್ಕೇ ಅದು ದಾಟಿತ್ತು, ಹನ್ನೊಂದೂವರೆಗೆ 33.

ಹಾಗಾಗಿ ಕೆಲಸ ಬೆಳಗಿನ ಐದೂವರೆಗೆ ಶುರು, ಹನ್ನೊಂದೂವರೆಗೆ ಬಂದ್, ಮತ್ತೆ ಸಂಜೆ. ಒಂಬತ್ತರ ನಂತರ ಅರ್ಧ ಗಂಟೆ ಕೆಲಸ, ಅರ್ಧ ಗಂಟೆ ನೆರಳು. ಮೊದಲ ವಾರ ಯಾರೂ ನೆರಳಿಗೆ ಬರಲೇ ಇಲ್ಲ. ಅವರಿಗೆ ಕೂಲಿ ಟನ್ ಲೆಕ್ಕದಲ್ಲಿ, ಕೂತರೆ ದುಡ್ಡಿಲ್ಲ. ಬೈದು ಪ್ರಯೋಜನವಿಲ್ಲ ಅಲ್ವಾ? ಬೇಸಿಗೆ ಮುಗಿಯುವವರೆಗೆ ದಿನಗೂಲಿ ಮಾಡಿಸಿದ ಮೇಲೆಯೇ ಬಂದು ಕೂತರು. ಕಾಂಟ್ರಾಕ್ಟರ್ ಒಪ್ಪಲು ನಾಲ್ಕು ದಿನ ಜಗಳವಾಯಿತು.

ನೀರಿನ ಕಥೆ ಇನ್ನೂ ನಾಚಿಕೆಗೇಡು. ಇಪ್ಪತ್ತು ಜನಕ್ಕೆ ದಿನಕ್ಕೆ 20 ಲೀಟರಿನ ಎರಡೇ ಕ್ಯಾನ್ ಬರುತ್ತಿದ್ದವು ಅಂತ ಅಂಗಡಿ ಬಿಲ್ಲು ನೋಡಿದಾಗ ಗೊತ್ತಾಯಿತು. ಅಂದರೆ ತಲಾ ಎರಡು ಲೀಟರ್. ಇಪ್ಪತ್ತು ನಿಮಿಷಕ್ಕೊಂದು ಲೋಟ, ಅಂದರೆ ಕಾಲು ಲೀಟರ್ ಕುಡಿದರೆ ಗಂಟೆಗೆ ಮುಕ್ಕಾಲು ಲೀಟರ್. ಆರು ಗಂಟೆಗೆ ಇಪ್ಪತ್ತು ಜನಕ್ಕೆ 90 ಲೀಟರ್ ಬೇಕು. ಬೆಳಗಿನ ಪಾಳಿಗೇ ಐದು ಕ್ಯಾನ್ ಮಾಡಿದೆ, ಆದರೂ ಮೂರು ಹಾಗೇ ಉಳಿದವು. ಕ್ಯಾನ್ ಇದ್ದದ್ದು ನೆಲದಲ್ಲಿ. ಒಂದು ಲೋಟ ನೀರಿಗೆ ಮೂರು ಅಂತಸ್ತು ಇಳಿದು ಹತ್ತುವವರು ಯಾರು? ಒದ್ದೆ ಗೋಣಿ ಸುತ್ತಿದ ಎರಡು ಮಡಿಕೆಗಳನ್ನು ಸ್ಲ್ಯಾಬಿನ ಮೂಲೆಯಲ್ಲಿ, ಚಪ್ಪರದ ಕೆಳಗಿಟ್ಟೆವು. ಹತ್ತು ಗಂಟೆಗೆ ಉಪ್ಪು ಹಾಕಿದ ಮಜ್ಜಿಗೆ. ಬರೀ ನೀರನ್ನೇ ಗಂಟೆಗೆ ಒಂದೂವರೆ ಲೀಟರ್ ಕುಡಿದರೆ ರಕ್ತದ ಉಪ್ಪು ತೆಳ್ಳಗಾಗಿ ಬೇರೆ ತೊಂದರೆ ಆಗಬಹುದು.

ಈಗ ನನ್ನ ರಿಜಿಸ್ಟರಿನಲ್ಲಿ ಒಂದು ಪುಟಕ್ಕೆ ಒಂದು ದಿನ: ಎರಡು ಗಂಟೆಗೊಮ್ಮೆ ಮೀಟರ್ ಅಂಕಿ, ಯಾವ ಗುಂಪು ಎಷ್ಟು ಹೊತ್ತಿಗೆ ಕೂತು ಎದ್ದಿತು, ಖಾಲಿಯಾದ ಕ್ಯಾನ್ ಎಷ್ಟು. ಬಿಡುವಿನ ಕಾಲಂ ಅನ್ನು ಮೇಸ್ತ್ರಿ ಸಂಜೆ ಕೂತು ಸುಮ್ನೆ ತುಂಬಬಹುದು. ಖಾಲಿ ಕ್ಯಾನನ್ನು ಹಾಗೆ ತುಂಬಲಾಗದು. ಅದಕ್ಕೇ ನಾನು ಮೊದಲು ಎಣಿಸುವುದು ಕ್ಯಾನನ್ನು.