7:15ರಿಂದ 5ಕ್ಕೆ ಬರಲು ನನಗೆ 44 ದಿನ ಹಿಡಿಯಿತು

ದಿನಾ ಬೆಳಗ್ಗೆ 7:15ಕ್ಕೆ ಏಳುತ್ತಿದ್ದ ನನಗೆ ಐದಕ್ಕೆ ಏಳುವ ಅಭ್ಯಾಸ ಬೇಕಿತ್ತು. ಮೊದಲನೇ ಸಲ ನಾನು ಮಾಡಿದ್ದು ಇಷ್ಟೇ: ಅಲಾರಂ ಐದಕ್ಕೆ ಇಟ್ಟೆ. ರಾತ್ರಿ ಮಲಗುತ್ತಿದ್ದದ್ದು ಮಾತ್ರ ಎಂದಿನಂತೆ 11:45ಕ್ಕೆ. ಮೂರು ದಿನ ಹೇಗೋ ಎದ್ದೆ. ನಾಲ್ಕನೇ ದಿನ ಪುಸ್ತಕದ ಒಂದೇ ಸಾಲನ್ನು ಐದಾರು ಸಲ ಓದಿದರೂ ತಲೆಗೆ ಹೋಗಲಿಲ್ಲ. ಭಾನುವಾರ ಒಂಬತ್ತೂವರೆವರೆಗೆ ಮಲಗಿದೆ, ಅಲ್ಲಿಗೆ ಕಥೆ ಮುಗಿಯಿತು.

ಎರಡನೇ ಸಲ ಜಾಣತನ ತೋರಿಸಿದೆ. ಬೇಗ ಏಳಬೇಕಾದರೆ ಬೇಗ ಮಲಗಬೇಕು ಅಲ್ವಾ ಅಂತ ಒಂಬತ್ತೂವರೆಗೇ ದೀಪ ಆರಿಸಿದೆ. ಹನ್ನೊಂದೂವರೆಯಾದರೂ ಕಣ್ಣು ಮುಚ್ಚಲಿಲ್ಲ. ಆಮೇಲೆ ಗೊತ್ತಾಯಿತು, ನಾವು ದಿನಾ ನಿದ್ದೆ ಹೋಗುವ ಹೊತ್ತಿಗೆ ಒಂದೆರಡು ಗಂಟೆ ಮುಂಚೆ ದೇಹ ತುಂಬಾ ಎಚ್ಚರವಾಗಿರುತ್ತದಂತೆ. ಆಗ ಹೋಗಿ ಮಲಗಿದರೆ ಸುಮ್ನೆ ಹೊರಳಾಡುವುದೇ ಕೆಲಸ. ನಿದ್ದೆಯನ್ನು ಬೇಗದ ಕಡೆಗೆ ಎಳೆಯಬೇಕಾದರೆ ರಾತ್ರಿ ತುದಿಯಿಂದ ಎಳೆಯಬಾರದು, ಬೆಳಗಿನ ತುದಿಯಿಂದ ಎಳೆಯಬೇಕು.

ಹಾಗಾಗಿ ಮೂರನೇ ಸಲ ಲೆಕ್ಕ ಹಾಕಿ ಹೊರಟೆ. 7:15ರಿಂದ 5ಕ್ಕೆ ಅಂದರೆ 135 ನಿಮಿಷ. ನಾಲ್ಕು ದಿನಕ್ಕೊಮ್ಮೆ 15 ನಿಮಿಷ ಕಡಿಮೆ ಮಾಡುತ್ತಾ ಬಂದರೆ ಒಂಬತ್ತು ಮೆಟ್ಟಿಲು, 36 ದಿನ. ಅಲಾರಂ ಮೊದಲು ಸರಿಸುವುದು, ಮಲಗುವ ಹೊತ್ತು ಒಂದೆರಡು ದಿನ ಬಿಟ್ಟು ತಾನೇ ಬೇಗದ ಕಡೆಗೆ ಬರುತ್ತದೆ. ಆ ಒಂದೆರಡು ದಿನ ಕಾಲು ಗಂಟೆ ನಿದ್ದೆ ಕಡಿಮೆಯಾಗಬಹುದು, ಅದರಿಂದಲೇ ರಾತ್ರಿ ಸ್ವಲ್ಪ ಬೇಗ ತೂಕಡಿಕೆ ಬರುವುದು. ನನಗೆ ಏಳೂವರೆ ಗಂಟೆ ನಿದ್ದೆ ಬೇಕೇ ಬೇಕು. ಆ ಕಾಲು ಗಂಟೆ ಬಿಟ್ಟರೆ ಅದನ್ನು ಕಡಿಮೆ ಮಾಡಲಿಲ್ಲ.

ಮುಂದಿನ ಮೆಟ್ಟಿಲಿಗೆ ಹೋಗಬಹುದಾ ಇಲ್ಲವಾ ಅಂತ ನೋಡಲು ನನ್ನ ಗುರುತು ಎರಡೇ: ಅಲಾರಂ ಹೊಡೆಯುವ ಐದತ್ತು ನಿಮಿಷ ಮುಂಚೆ ತಾನಾಗಿ ಎಚ್ಚರವಾಗಬೇಕು, ರಾತ್ರಿ ಮಲಗಿದ ಅರ್ಧ ಗಂಟೆಯೊಳಗೆ ನಿದ್ದೆ ಬರಬೇಕು. ಇಲ್ಲ ಅಂದರೆ ಅದೇ ಮೆಟ್ಟಿಲಲ್ಲಿ ಇನ್ನೂ ಕೆಲವು ದಿನ.

ಇದರಲ್ಲಿ ನಿಜವಾದ ಕೆಲಸ ಮಾಡುವುದು ಬೆಳಕು. ನಾವು ದಿನಾ ಏಳುವುದಕ್ಕಿಂತ ಸುಮಾರು ಎರಡು ಮೂರು ಗಂಟೆ ಮುಂಚೆ ಮೈ ಬಿಸಿ ತೀರಾ ಕೆಳಗಿಳಿದಿರುತ್ತದೆ. ಆ ಹೊತ್ತು ದಾಟಿದ ಮೇಲೆ ಕಣ್ಣಿಗೆ ಬೆಳಕು ಬಿದ್ದರೆ ಒಳಗಿನ ಗಡಿಯಾರ ಬೇಗದ ಕಡೆಗೆ ಸರಿಯುತ್ತದೆ. ಅದಕ್ಕೂ ಮುಂಚೆ ಬಿದ್ದರೆ ಉಲ್ಟಾ, ತಡದ ಕಡೆಗೆ. 7:15ಕ್ಕೆ ಏಳುವವನಿಗೆ ಆ ಹೊತ್ತು ಹೆಚ್ಚುಕಡಿಮೆ ನಾಲ್ಕೂಕಾಲು ಐದೂಕಾಲರ ನಡುವೆ. ಮೊದಲನೇ ಸಲ ನಾನು ಐದಕ್ಕೆ ಎದ್ದು ಎಲ್ಲ ದೀಪ ಹಾಕಿಕೊಂಡು ಕೂತಿದ್ದೆನಲ್ಲ, ಅದು ಈ ಗಡಿಯ ಮೇಲೇ ಇತ್ತು. ಒಳಗಿನ ಗಡಿಯಾರ ಬೇಗದ ಕಡೆಗೋ ತಡದ ಕಡೆಗೋ ಗೊತ್ತಾಗದೆ ನಿಂತುಬಿಟ್ಟಿರಬೇಕು. ಹದಿನೈದು ನಿಮಿಷದ ಹೆಜ್ಜೆಯಲ್ಲಿ ಹೋದರೆ ಆ ಗಡಿಯೂ ನಮ್ಮ ಜೊತೆಗೇ ಸರಿಯುತ್ತದೆ.

ಅದಕ್ಕೇ ಎದ್ದ ಕೂಡಲೇ ಕೋಣೆಯ ದೊಡ್ಡ ದೀಪ ಹಾಕುತ್ತಿದ್ದೆ, ಮೇಜಿನ ಸಣ್ಣ ದೀಪ ಅಲ್ಲ. ಸೂರ್ಯ ಬಂದ ಮೇಲೆ 20 ನಿಮಿಷ ಹೊರಗೆ ಓಡಾಟ. ಮೋಡ ಇದ್ದರೂ ಹೊರಗಿನ ಬೆಳಕು ಮನೆಯ ದೀಪಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ರಾತ್ರಿ ಇದರ ತಿರುಗುಮುರುಗು: ಮಲಗುವ ಒಂದೂವರೆ ಗಂಟೆ ಮುಂಚೆ ದೊಡ್ಡ ದೀಪ ಆರಿಸಿ ಮಂದ ದೀಪ.

ಆರು ಗಂಟೆಯ ಮೆಟ್ಟಿಲಲ್ಲಿ ಸಿಕ್ಕಿಹಾಕಿಕೊಂಡೆ. ನಾಲ್ಕು ದಿನದ ಬದಲು ಹನ್ನೆರಡು ದಿನ. ಅಲಾರಂ ಹೊಡೆದಾಗ ಬಾವಿಯಿಂದ ಮೇಲೆತ್ತಿದ ಹಾಗೆ ಅನ್ನಿಸುತ್ತಿತ್ತು. ಡೈರಿ ನೋಡಿದರೆ ತಪ್ಪು ಎರಡು. ಭಾನುವಾರ ಏಳೂಕಾಲರವರೆಗೆ ಮಲಗಿದ್ದೆ, ವಾರವಿಡೀ ಸರಿಸಿದ್ದು ಒಂದೇ ದಿನದಲ್ಲಿ ಹಿಂದಕ್ಕೆ. ಇನ್ನೊಂದು, ಸಂಜೆ ಐದೂವರೆಯ ಕಾಫಿ. ಕಾಫಿಯ ಕೆಫೀನ್ ಅರ್ಧ ಇಳಿಯುವುದಕ್ಕೇ ಸುಮಾರು ಐದು ಗಂಟೆ ಬೇಕು. ಹನ್ನೆರಡಕ್ಕೆ ಮಲಗುವವನಿಗೆ ಅಷ್ಟಾಗಿ ತೊಂದರೆ ಕೊಡದ ಅದೇ ಕಾಫಿ, ಹತ್ತೂವರೆಗೆ ಮಲಗುವವನಿಗೆ ಅಡ್ಡ ನಿಲ್ಲುತ್ತದೆ. ಅದನ್ನು ಮಧ್ಯಾಹ್ನ ಒಂದಕ್ಕೆ ತಂದೆ, ಭಾನುವಾರ ಹೆಚ್ಚೆಂದರೆ ಅರ್ಧ ಗಂಟೆ ತಡ. ಮತ್ತೆ ಮುಂದೆ ಸರಿಯಿತು.

ಐದಕ್ಕೆ ಎದ್ದ ಮೊದಲ ಇಪ್ಪತ್ತು ನಿಮಿಷ ತಲೆ ಮಂಕಾಗಿಯೇ ಇರುತ್ತದೆ, ಅದು ನಿದ್ದೆ ಸಾಲದ್ದಕ್ಕೆ ಅಲ್ಲ. ಆ ಹೊತ್ತಿಗೆ ನಾನು ಪ್ರಾರ್ಥನೆ ಇಟ್ಟುಕೊಂಡಿದ್ದೇನೆ, ಬಾಯಿಪಾಠ ಬರುವುದರಿಂದ ನಡೆದುಹೋಗುತ್ತದೆ. ಕಷ್ಟದ ಓದು ಐದೂವರೆ ನಂತರ.

ರಾತ್ರಿ ಪಾಳಿ ಇರುವವರಿಗೆ, ಚಿಕ್ಕ ಮಗು ಎಬ್ಬಿಸುವ ಮನೆಯಲ್ಲಿ ಇದು ನಡೆಯುವುದಿಲ್ಲ. ನನಗೂ ಯಾವಾಗಲಾದರೂ ಮಲಗುವುದು ಹನ್ನೊಂದು ದಾಟುತ್ತದೆ. ಆ ರಾತ್ರಿ ಅಲಾರಂ ಐದರಿಂದ ಆರಕ್ಕೆ ಸರಿಸುತ್ತೇನೆ, ಮಾರನೇ ದಿನ ಮಧ್ಯಾಹ್ನ ಮೂರರೊಳಗೆ 20 ನಿಮಿಷ ಮಲಗುತ್ತೇನೆ, ಅದರ ಮರುದಿನ ಮತ್ತೆ ಐದು.