ಕನ್ನಡ ಓದಿಸುವಾಗ ತಪ್ಪು ಎಣಿಸಿದರೆ ಸಾಲದು, ಟೈಮೂ ನೋಡಬೇಕು

"ಕನ್ನಡ ಪರವಾಗಿಲ್ಲ ಟೀಚರೇ, ಇಂಗ್ಲಿಷ್ ಮಾತ್ರ ಅವನ ತಲೆಗೆ ಹತ್ತುವುದಿಲ್ಲ." ಕಾಸರಗೋಡಿನ ಕನ್ನಡ ಮೀಡಿಯಂ ಶಾಲೆಗಳಲ್ಲಿ ಟೀಚರುಗಳಿಂದ ಈ ಮಾತು ನನಗೆ ಆಗಾಗ ಕೇಳಿಸುತ್ತದೆ. ನಾನು ಓದಲು ಕಷ್ಟಪಡುವ ಮಕ್ಕಳ ಜೊತೆ ಕೆಲಸ ಮಾಡುವವಳು. ಈ ಮಾತು ಕೇಳಿದಾಗ ಮೊದಲು ನೋಡುವುದು ಕನ್ನಡವನ್ನೇ.

ಬದಿಯಡ್ಕ ಕಡೆಯ ಒಬ್ಬ ಐದನೇ ಕ್ಲಾಸಿನ ಹುಡುಗನ ವಿಷಯ ಹೇಳುತ್ತೇನೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅದರ ಜೊತೆ ಮಲಯಾಳ, ಇಂಗ್ಲಿಷ್. ಅವನಿಗಾಗಿ ಇಪ್ಪತ್ತಿಪ್ಪತ್ತು ಪದಗಳ ಪಟ್ಟಿ ಮಾಡಿದೆ. ಒಂದರಲ್ಲಿ ಬಾಗಿಲು, ಕುದುರೆ ತರಹದ, ಅವನು ಮಾತಾಡುವಾಗ ಬಳಸುವ ಪದಗಳು. ಇನ್ನೊಂದರಲ್ಲಿ ಅವೇ ಅಕ್ಷರಗಳನ್ನು ಅದಲುಬದಲು ಮಾಡಿದ, ಅರ್ಥವಿಲ್ಲದ ಪದಗಳು: ಗಿಬಾಲು, ದುಕುರೆ. ಮತ್ತೊಂದು ಒತ್ತಕ್ಷರದ್ದು. ಕೊನೆಗೆ ಇಂಗ್ಲಿಷ್. ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್, ಅಷ್ಟೇ.

ಗೊತ್ತಿರುವ ಪದಗಳಲ್ಲಿ ತಪ್ಪಿದ್ದು ಒಂದೇ. ಟೀಚರ್ ಹೇಳಿದ್ದು ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ತೆಗೆದುಕೊಂಡದ್ದು 58 ಸೆಕೆಂಡು. ಅದೇ ಬೆಂಚಿನ ಇನ್ನೊಬ್ಬ ಹುಡುಗ 17 ಸೆಕೆಂಡಿಗೆ ಮುಗಿಸಿದ್ದ. ನನಗೆ ಇನ್ನೂ ಮುಖ್ಯ ಅನ್ನಿಸಿದ್ದು ಅರ್ಥವಿಲ್ಲದ ಪಟ್ಟಿ. ಬೆಂಚಿನವನು ಅಲ್ಲಿ 30 ಸೆಕೆಂಡಿಗೆ ಹೋದ. ನಮ್ಮವನದು 63. ಅಂದರೆ ದಿನಾ ಕಾಣುವ 'ಬಾಗಿಲು' ಕೂಡ ಅವನಿಗೆ ಹೆಚ್ಚುಕಡಿಮೆ 'ಗಿಬಾಲು' ಇದ್ದಂತೆ. ಪ್ರತಿಸಲ ಬಾ, ಗಿ, ಲು ಅಂತ ಹೊಸದಾಗಿ ಕೂಡಿಸಲೇಬೇಕು.

ಓದುವುದಕ್ಕೆ ತಲೆಯಲ್ಲಿ ಎರಡು ದಾರಿ ಇವೆ ಎನ್ನುವ ಮಾದರಿ ಇದೆಯಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ದಾರಿ ಅಕ್ಷರಕ್ಕೆ ಧ್ವನಿ ಕೂಡಿಸುತ್ತಾ ಹೋಗುವುದು, ಇನ್ನೊಂದು ಇಡೀ ಪದವನ್ನು ಕಂಡಕೂಡಲೇ ಗುರುತಿಸುವುದು. ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ಕೋಲ್ಟ್‌ಹಾರ್ಟ್ ಮೊದಲಾದವರು ಬೆಳೆಸಿದ ಈ ಮಾದರಿ ಹೆಚ್ಚಾಗಿ ಇಂಗ್ಲಿಷ್ ಓದುಗರನ್ನು ನೋಡಿ ಮಾಡಿದ್ದು. ಇಂಗ್ಲಿಷಿನಲ್ಲಿ ಎರಡನೇ ದಾರಿ ಕೆಟ್ಟಿದೆಯಾ ಅಂತ ನೋಡುವುದು ಸುಲಭ: ಎಸ್-ಎ-ಐ-ಡಿ ಕೊಟ್ಟರೆ ಮಗು 'ಸೆಡ್' ಅನ್ನದೆ 'ಸೇಡ್' ಅನ್ನುತ್ತದೆ. ಕನ್ನಡದಲ್ಲಿ ಅಂಥ ಮೋಸದ ಪದಗಳು ಇಲ್ಲವೆಂದೇ ಹೇಳಬಹುದು. ಬರೆದದ್ದನ್ನು ಕೂಡಿಸಿದರೆ ಉತ್ತರ ಸಿಕ್ಕೇ ಸಿಗುತ್ತದೆ, ಹಾಗಾಗಿ ಆ ದಾರಿ ಕೆಟ್ಟಿದ್ದರೂ ತಪ್ಪುಗಳ ಲೆಕ್ಕದಲ್ಲಿ ಕಾಣುವುದಿಲ್ಲ, ಟೈಮಿನಲ್ಲಿ ಮಾತ್ರ ಕಾಣುತ್ತದೆ. ಡಿಸ್ಲೆಕ್ಸಿಯಾ ಎನ್ನುವ ಓದಿನ ತೊಂದರೆ ಇರುವ, ಜರ್ಮನ್ ಓದುವ ಮಕ್ಕಳ ಬಗ್ಗೆ ಸಂಶೋಧಕ ಹೈಂಜ್ ವಿಮ್ಮರ್ 1993ರಲ್ಲಿ ಬರೆದದ್ದೂ ಇದೇ: ಓದುವುದು ಸರಿ, ಆದರೆ ತುಂಬಾ ನಿಧಾನ.

ಆದರೆ ಕನ್ನಡ ಜರ್ಮನ್ ಅಲ್ಲ. ಒತ್ತಕ್ಷರದ ಪಟ್ಟಿಗೆ ಬಂದಾಗ ಹುಡುಗ 'ಶಕ್ತಿ'ಯನ್ನು 'ಶಕಿತ' ಅಂದ. 'ಸೂರ್ಯ' 'ಸೂಯರ' ಆಯಿತು. ಸುಮ್ನೆ ಬಾಯಿಗೆ ಬಂದದ್ದು ಹೇಳಿದ್ದಲ್ಲ ಇದು. 'ಕ್ತಿ' ಬರೆಯುವಾಗ ಗುಡಿಸು ಕೊಡುವುದು ಮೇಲಿನ ಕಕ್ಕೆ, ಆದರೆ ಇ ಸ್ವರ ಕೇಳಿಸುವುದು ಕೆಳಗಿನ ತ ಆದಮೇಲೆ. ಅರ್ಕಾವತ್ತನ್ನು ಯ ಆದಮೇಲೆ ಬರೆಯುತ್ತೇವೆ, ಮೊದಲು ಓದುತ್ತೇವೆ. ಅವನು ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದ್ದ. (ಮಲಯಾಳದಲ್ಲಿ ಇದೇ ಪದ ಬರೆದರೆ ಇ ಗುರುತು ಒತ್ತಕ್ಷರವೆಲ್ಲ ಮುಗಿದ ಮೇಲೆ, ಬಲಗಡೆ ಬರುತ್ತದೆ. ಅಲ್ಲಿ ಅವನು ಈ ತಪ್ಪು ಮಾಡಲಿಲ್ಲ.) ಹಾಗಾಗಿ 'ಬರೆದಂತೆ ಓದುವ ಲಿಪಿ' ಅಂದರೆ ಸುಲಭದ ಲಿಪಿ ಅಂತ ಅರ್ಥವಲ್ಲ. ಗುಣಿತ, ಒತ್ತು ಎಲ್ಲ ಸೇರಿ ಕನ್ನಡದಲ್ಲಿ ಕಲಿಯಬೇಕಾದ ರೂಪಗಳು ನಾನೂರಕ್ಕೂ ಜಾಸ್ತಿ, ಅದು ಒಂದನೇ ಕ್ಲಾಸಿನಲ್ಲಿ ಮುಗಿಯುವ ಕೆಲಸವಲ್ಲ ಅಂತ ಸಂಶೋಧಕಿ ಸೊನಾಲಿ ನಾಗ್ 2007ರಲ್ಲೇ ತೋರಿಸಿದ್ದಾರೆ. ಅದಕ್ಕೇ ಎರಡನೇ ಕ್ಲಾಸಿನ ಮಗು ಒತ್ತಕ್ಷರ ತಪ್ಪಿದರೆ ನಾನು ಡಿಸ್ಲೆಕ್ಸಿಯಾ ಅನ್ನುವುದಿಲ್ಲ. ಐದನೆಯದರಲ್ಲಿ ತಪ್ಪಿದರೆ, ಅದೂ ನಿಧಾನದ ಜೊತೆ ಬಂದರೆ, ಆಗ ಮುಂದೆ ಹೋಗುತ್ತೇನೆ.

ಇಂಗ್ಲಿಷ್ ಪಟ್ಟಿಯಲ್ಲಿ ಅವನು ಎಚ್-ಒ-ಯು-ಎಸ್-ಇ ನೋಡಿ 'ಹಾರ್ಸ್' ಅಂದ. ಮೊದಲ ಅಕ್ಷರ ಹಿಡಿದು ಊಹೆ. ನನ್ನ ಲೆಕ್ಕದಲ್ಲಿ ಇದು ಬೇರೆ ತೊಂದರೆ ಅಲ್ಲ. ಕನ್ನಡದಲ್ಲಿ ನಿಧಾನವಾಗಿಯಾದರೂ ದಡ ಸೇರುತ್ತಾನೆ, ಇಂಗ್ಲಿಷಿನಲ್ಲಿ ನಿಧಾನವಾಗಿ ಹೋದರೂ ದಡ ಸಿಗುವುದಿಲ್ಲ.

ಅಭ್ಯಾಸ ಸಾಲದೆ ನಿಧಾನವಾಗಿದ್ದರೆ? ಆ ಅನುಮಾನ ಬೇಕೇ ಬೇಕು. ಅದಕ್ಕೆ ಐದೇ ಚಿತ್ರಗಳನ್ನು ಸಾಲಾಗಿ ಮತ್ತೆ ಮತ್ತೆ ಬರೆದ ಹಾಳೆ ಕೊಟ್ಟು ಬೇಗಬೇಗ ಹೆಸರು ಹೇಳಿಸುತ್ತೇನೆ, ತುಳುವಿನಲ್ಲಾದರೂ ಸರಿ. ಅಲ್ಲಿ ಓದುವುದೇ ಇಲ್ಲ. ಅಲ್ಲೂ ನಿಧಾನವಾದರೆ ಬರೀ ಅಭ್ಯಾಸದ ಕೊರತೆ ಅನ್ನುವುದು ಕಷ್ಟ. ಅವನು ಅಲ್ಲೂ ನಿಧಾನವೇ. ಶಾಲೆಗೆ ಬರೆದುಕೊಟ್ಟ ವರದಿಯಲ್ಲಿ ಇಂಗ್ಲಿಷಿಗಷ್ಟೇ ಅಲ್ಲ, ಕನ್ನಡ ಪರೀಕ್ಷೆಗೂ ಹೆಚ್ಚಿನ ಸಮಯ ಬೇಕು ಅಂತ ಕೇಳಿದ್ದೇನೆ.